ಆರಕ್ಕೆ ಗೇಟು, ಒಂಬತ್ತಕ್ಕೆ ಧಾರೆ: ಗೂಡಲೂರಿನ ಮದುವೆಗೊಂದು ಪಾರ್ಕಿಂಗ್ ಪತ್ರ

ಬಂಡೀಪುರದ ಗೇಟು ಬೆಳಿಗ್ಗೆ ಆರು ಗಂಟೆಗೆ ತೆರೆಯುತ್ತದೆ. ರಾತ್ರಿ ಒಂಬತ್ತಕ್ಕೆ ಮುಚ್ಚುತ್ತದೆ. 2009ರಿಂದ ಜಾರಿಯಲ್ಲಿರುವ ಈ ರಾತ್ರಿ ಸಂಚಾರ ನಿಷೇಧ ಕಾಡುಪ್ರಾಣಿಗಳ ಜೀವ ಉಳಿಸಲು ಬಂದದ್ದು. ಗುಂಡ್ಲುಪೇಟೆ, ಚಾಮರಾಜನಗರ, ಮೈಸೂರುಗಳಿಂದ ನೀಲಗಿರಿಗೆ ಹೆಣ್ಣು ಕೊಟ್ಟು ತಂದ ಮನೆಗಳವರಿಗೆ ಮಾತ್ರ ಅದು ಮದುವೆಯ ವೇಳಾಪಟ್ಟಿಯನ್ನೂ ಬರೆಯುವ ನಿಯಮ. ಗೇಟು ತೆರೆದ ಮೇಲೆ ಹೊರಟ ಕಾರುಗಳು ಮುದುಮಲೆಯ ಕಾಡು ದಾಟಿ, ತೊರಪಳ್ಳಿ ಚೆಕ್‌ಪೋಸ್ಟ್ ಹಾದು ಗೂಡಲೂರು ಮುಟ್ಟುವಾಗ ಏಳೂವರೆ ದಾಟಿರುತ್ತದೆ. ಧಾರೆ ಮುಹೂರ್ತ ಒಂಬತ್ತೂಕಾಲಕ್ಕಿದ್ದರೆ ಆ ಕಡೆಯ ನೆಂಟರೆಲ್ಲ ಏಳೂವರೆಯಿಂದ ಎಂಟೂವರೆಯ ನಡುವೆ, ಒಟ್ಟೊಟ್ಟಿಗೆ, ಕಲ್ಯಾಣ ಮಂಟಪದ ಬಾಗಿಲಿಗೆ ಬಂದು ನಿಲ್ಲುತ್ತಾರೆ. ಬೇರೆ ಊರಿನ ಮದುವೆಯಲ್ಲಿ ಮೂರು ಗಂಟೆಗಳ ಮೇಲೆ ಹರಡಿಕೊಳ್ಳುವ ಗದ್ದಲ ಇಲ್ಲಿ ಒಂದು ಗಂಟೆಗೆ ಕುಗ್ಗುತ್ತದೆ.

ಟ್ರಾಫಿಕ್ ಪೊಲೀಸರಿಗೆ ಕೊಡುವ ಪಾರ್ಕಿಂಗ್ ಪತ್ರದಲ್ಲಿ ಮೊದಲು ಇರಬೇಕಾದ ವಿಷಯ ಈ ಒಂದು ಗಂಟೆ. ಆದರೆ ಸಾಮಾನ್ಯವಾಗಿ ಬರೆಯುವ ಪತ್ರದಲ್ಲಿ ಅದೇ ಇರುವುದಿಲ್ಲ. ‘ನಮ್ಮ ಮಗಳ ಮದುವೆ ಇಂಥ ದಿನ ಇದೆ, ತುಂಬ ಜನ ನೆಂಟರು ಬರುತ್ತಾರೆ, ದಯವಿಟ್ಟು ವಾಹನ ನಿಲ್ಲಿಸಲು ವ್ಯವಸ್ಥೆ ಮಾಡಿಕೊಡಬೇಕು’ ಎಂದು ಎರಡು ಸಾಲು ಬರೆದು, ಲಗ್ನಪತ್ರಿಕೆಯೊಂದನ್ನು ಜೊತೆಗಿಟ್ಟು ಠಾಣೆಯಲ್ಲಿ ಕೊಟ್ಟು ಬರುತ್ತೇವೆ. ಓದಿದ ಇನ್‌ಸ್ಪೆಕ್ಟರ್‌ಗೆ ಎಷ್ಟು ಗಾಡಿ, ಯಾವ ಹೊತ್ತಿಗೆ, ಯಾವ ದಿಕ್ಕಿನಿಂದ, ಎಷ್ಟು ಹೊತ್ತು ಎಂಬ ಯಾವುದೂ ತಿಳಿಯುವುದಿಲ್ಲ. ಅದಕ್ಕಿಂತ ದೊಡ್ಡ ತೊಡಕೆಂದರೆ, ಅವರ ಕೈಯಲ್ಲಿ ಇಲ್ಲದ್ದನ್ನೇ ಆ ಪತ್ರ ಬೇಡುತ್ತಿರುತ್ತದೆ.

ಪೊಲೀಸರ ಬಳಿ ಜಾಗ ಇರುವುದಿಲ್ಲ. ರಸ್ತೆ ನಗರಸಭೆಯದೋ ಹೆದ್ದಾರಿ ಇಲಾಖೆಯದೋ ಆಗಿರುತ್ತದೆ, ಮೈದಾನ ಶಾಲೆಯದೋ ದೇವಸ್ಥಾನದ್ದೋ ಆಗಿರುತ್ತದೆ, ಗೂಡಲೂರಿನ ಸುತ್ತಮುತ್ತ ಅರಣ್ಯ ಇಲಾಖೆಯ ನೆಲವೂ ಇದೆ. 1988ರ ಮೋಟಾರು ವಾಹನ ಕಾಯ್ದೆಯ 117ನೇ ಕಲಂ ವಾಹನ ನಿಲ್ಲಿಸುವ ಜಾಗಗಳನ್ನು ಗೊತ್ತುಮಾಡುವ ಅಧಿಕಾರವನ್ನು ರಾಜ್ಯ ಸರ್ಕಾರಕ್ಕೆ, ಅದು ಅಧಿಕಾರ ಕೊಟ್ಟ ಪ್ರಾಧಿಕಾರಕ್ಕೆ ವಹಿಸಿದೆ. ಅದನ್ನೂ ಸ್ಥಳೀಯ ಸಂಸ್ಥೆಯೊಡನೆ ಸಮಾಲೋಚಿಸಿ ಮಾಡಬೇಕು. 115ನೇ ಕಲಂ ಒಂದು ರಸ್ತೆಯಲ್ಲಿ ವಾಹನಗಳನ್ನು ನಿರ್ಬಂಧಿಸಲು ಅವಕಾಶ ಕೊಡುತ್ತದೆ. ನಿರ್ಬಂಧ ಒಂದು ತಿಂಗಳೊಳಗಿನದಾದರೆ ಗೆಜೆಟ್‌ನಲ್ಲಿ ಪ್ರಕಟಿಸಬೇಕಿಲ್ಲ, ಸ್ಥಳೀಯವಾಗಿ ಪ್ರಚಾರ ಮಾಡಿದರೆ ಸಾಕು ಎಂದೂ ಅಲ್ಲಿ ಹೇಳಿದೆ. ಊಟಿಯ ಫಲಪುಷ್ಪ ಪ್ರದರ್ಶನದಂಥ ದೊಡ್ಡ ಸಂದರ್ಭಗಳಲ್ಲಿ ಬಳಕೆಯಾಗುವ ಅಧಿಕಾರ ಅದು. ಒಂದು ಮನೆಯ ಮದುವೆಗಾಗಿ ರಸ್ತೆ ಮುಚ್ಚಿಕೊಡಿ ಎಂದು ಕೇಳುವುದು ಕಾನೂನಿನಲ್ಲೂ ನಿಲ್ಲುವುದಿಲ್ಲ, ನ್ಯಾಯವೂ ಅಲ್ಲ. ಆ ರಸ್ತೆಯಲ್ಲಿ ಆ ಹೊತ್ತಿಗೆ ಆಸ್ಪತ್ರೆಗೆ ಹೊರಟವರೂ ಇರುತ್ತಾರೆ.

ಠಾಣೆ ಕೊಡಬಲ್ಲದ್ದು ಬೇರೆ. ಜನದಟ್ಟಣೆಯ ಹೊತ್ತಿಗೆ ಮಂಟಪದ ಬಾಗಿಲಲ್ಲಿ ಒಬ್ಬ ಪೇದೆಯನ್ನು ನಿಲ್ಲಿಸಬಹುದು. ನೆಂಟರನ್ನು ಇಳಿಸಿ ಮುಂದೆ ಹೋಗುವಷ್ಟು ಹೊತ್ತು ಗಾಡಿ ನಿಲ್ಲಲು ಬಿಡಬಹುದು. ಅಗಲ ಇರುವ ಒಳರಸ್ತೆಯಾದರೆ ಒಂದು ಬದಿಯಲ್ಲಿ ಕೆಲವು ಗಂಟೆ ನಿಲುಗಡೆಗೆ ಒಪ್ಪಬಹುದು. ಕೋನ್, ತಡೆಗೋಲು ಇಟ್ಟು ಬಾಗಿಲು ಖಾಲಿ ಉಳಿಸಬಹುದು. ಹಾಗಾಗಿ ಜಾಗವನ್ನು ನಾವೇ ಹುಡುಕಿ, ಅದರ ಒಡೆಯರಿಂದ ಒಪ್ಪಿಗೆ ಪತ್ರ ತಂದು, ‘ಗಾಡಿಗಳು ಇಲ್ಲಿ ನಿಲ್ಲುತ್ತವೆ, ಅಲ್ಲಿಗೆ ತಲುಪುವ ತನಕ ರಸ್ತೆಯಲ್ಲಿ ನಿಮ್ಮ ನೆರವು ಇಷ್ಟು ಬೇಕು’ ಎಂದು ಕೇಳುವ ಪತ್ರವೇ ಕೆಲಸ ಮಾಡುವ ಪತ್ರ. ನನ್ನ ಮಟ್ಟಿಗೆ ಇದೊಂದು ವ್ಯತ್ಯಾಸ ಅರ್ಥವಾದರೆ ಉಳಿದದ್ದೆಲ್ಲ ಲೆಕ್ಕಾಚಾರ.

ಆ ಲೆಕ್ಕವನ್ನು ಒಂದು ಮದುವೆಯ ಮೇಲೆ ಮಾಡಿ ನೋಡೋಣ. ಗೂಡಲೂರಿನಲ್ಲಿ ನೆಲೆಸಿದ ಒಂದು ಕನ್ನಡ ಕುಟುಂಬ, ಮೇ ತಿಂಗಳ ಭಾನುವಾರದ ಮದುವೆ, ಶನಿವಾರ ಸಂಜೆ ಆರತಕ್ಷತೆ ಎಂದಿಟ್ಟುಕೊಳ್ಳಿ. ಮಂಟಪ ಮೈಸೂರು ರಸ್ತೆಯ ಬದಿಗಿದೆ. ಗುಂಡ್ಲುಪೇಟೆಯಿಂದ ಬಂಡೀಪುರ, ತೆಪ್ಪಕಾಡು, ಗೂಡಲೂರು, ಊಟಿ, ಕೂನೂರು ಹಾದು ಕೊಯಮತ್ತೂರಿಗೆ ಇಳಿಯುವ 181ನೇ ರಾಷ್ಟ್ರೀಯ ಹೆದ್ದಾರಿ ಇದು. ಗೂಡಲೂರು ಪೇಟೆಯಲ್ಲಿ ಮೈಸೂರಿನ, ಊಟಿಯ, ಕೇರಳದ ಕಡೆಯ ರಸ್ತೆಗಳು ಕೂಡುತ್ತವೆ. ಒಂದು ರಸ್ತೆಯಲ್ಲಿ ಐದು ನಿಮಿಷ ಗಾಡಿ ಕಟ್ಟಿಕೊಂಡರೂ ಉಳಿದೆರಡಕ್ಕೆ ಅದು ಹಬ್ಬುತ್ತದೆ. ಮಂಟಪದ ಆವರಣದಲ್ಲಿ ಹತ್ತು ಕಾರಿಗೆ ಜಾಗ ಇದೆ, ಅದು ಬೀಗರಿಗೆ, ಪುರೋಹಿತರಿಗೆ, ಅಡುಗೆಯವರ ವ್ಯಾನಿಗೆ ಆಗಿಹೋಗುತ್ತದೆ.

ನೆಂಟರು 400 ಮಂದಿ. ಮೈಸೂರು ಕಡೆಯಿಂದ ಎರಡು ಬಸ್ಸಿನಲ್ಲಿ 90 ಜನ. ಊರಿನವರಲ್ಲಿ ನಡೆದು, ಆಟೋದಲ್ಲಿ, ಸರ್ಕಾರಿ ಬಸ್ಸಿನಲ್ಲಿ ಬರುವವರು 100. ಮೂವತ್ತು ಬೈಕುಗಳಲ್ಲಿ 60. ಉಳಿದ 150 ಜನ ಕಾರಿನಲ್ಲಿ. ಒಂದು ಕಾರಿಗೆ ಸರಾಸರಿ ನಾಲ್ವರು ಎಂದರೆ ಸುಮಾರು ನಲವತ್ತು ಕಾರು. ಈ ಲೆಕ್ಕವನ್ನು ಲಗ್ನಪತ್ರಿಕೆ ಹಂಚುವಾಗಲೇ ತೆಗೆಯಬಹುದು. ಪ್ರತಿ ಮನೆಯಲ್ಲಿ ‘ಹೇಗೆ ಬರ್ತೀರಿ, ಯಾವಾಗ ಹೊರಡ್ತೀರಿ’ ಎಂದು ಕೇಳಿ ಪಟ್ಟಿಯ ಪಕ್ಕದಲ್ಲೇ ಗುರುತು ಹಾಕಿದರಾಯಿತು.

ಈ ನಲವತ್ತು ಕಾರುಗಳನ್ನು ರಸ್ತೆಯ ಬದಿಯಲ್ಲಿ ಒಂದರ ಹಿಂದೊಂದು ನಿಲ್ಲಿಸಿದರೆ ಒಂದಕ್ಕೆ ಆರು ಮೀಟರ್ ಬೇಕು, ಒಟ್ಟು 240 ಮೀಟರ್. ಹೆದ್ದಾರಿಯಲ್ಲಿ ತಿರುವಿಲ್ಲದ, ಅಂಗಡಿ ಬಾಗಿಲಿಲ್ಲದ, ಬಸ್ ನಿಲ್ದಾಣವಿಲ್ಲದ 240 ಮೀಟರ್ ಗೂಡಲೂರಿನಲ್ಲಿ ಸಿಗುವ ಮಾತೇ ಅಲ್ಲ. ಸಿಕ್ಕರೂ 2017ರ ಚಾಲನಾ ನಿಯಮಾವಳಿ ಮುಖ್ಯರಸ್ತೆಯಲ್ಲಿ, ಕೂಡುರಸ್ತೆಯ ಹತ್ತಿರ, ಕಾಲುದಾರಿಯ ಮೇಲೆ, ಆಸ್ಪತ್ರೆ, ಶಾಲೆಗಳ ಬಾಗಿಲಲ್ಲಿ ನಿಲ್ಲಿಸುವುದನ್ನು ತಡೆಯುತ್ತದೆ. ಅದೇ ನಲವತ್ತು ಕಾರು ಒಂದು ಸಮತಟ್ಟಾದ ಮೈದಾನದಲ್ಲಿ ಸಾಲಾಗಿ ನಿಂತರೆ, ನಡುವೆ ಓಡಾಡುವ ದಾರಿಯನ್ನೂ ಸೇರಿಸಿ ಒಂದಕ್ಕೆ ಸುಮಾರು 25 ಚದರ ಮೀಟರ್. ಒಟ್ಟು 1000 ಚದರ ಮೀಟರ್, ಅಂದರೆ ಇಪ್ಪತ್ತೈದು ಸೆಂಟ್ ನೆಲ. ಬೈಕುಗಳಿಗೆ ಇನ್ನೆರಡು ಸೆಂಟ್ ಸಾಕು. ಭಾನುವಾರ ಖಾಲಿ ಇರುವ ಶಾಲೆಯ ಅಂಗಳ, ದೇವಸ್ಥಾನದ ಬಯಲು, ಚಹಾ ಎಲೆ ತೂಗುವ ಅಂಗಳ, ಪರಿಚಯದವರ ಖಾಲಿ ನಿವೇಶನ, ಯಾವುದಾದರೂ ಆದೀತು.

ನಮ್ಮ ಕುಟುಂಬಕ್ಕೆ ಮಂಟಪದಿಂದ ಮುನ್ನೂರು ಮೀಟರ್ ದೂರದಲ್ಲಿ ಖಾಸಗಿ ಶಾಲೆಯೊಂದರ ಮೈದಾನ ಸಿಕ್ಕಿತು ಎನ್ನೋಣ. ಅದನ್ನು ಗೊತ್ತುಮಾಡುವ ಮುಂಚೆ ಹೋಗಿ ನೋಡಬೇಕಾದ್ದು ಮೂರು. ಗೇಟಿನ ಅಗಲ ಎಷ್ಟು, ಅದರ ಮುಂದೆ ಏರು ಇದೆಯೇ, ಮಳೆ ಬಿದ್ದರೆ ನೆಲ ಏನಾಗುತ್ತದೆ. ನೀಲಗಿರಿಯಲ್ಲಿ ಮೂರನೆಯದು ಮೊದಲಿನೆರಡಕ್ಕಿಂತ ಮುಖ್ಯ. ಮೇ ತಿಂಗಳ ಮಧ್ಯಾಹ್ನ ಗುಡುಗಿನ ಮಳೆ ಬರುತ್ತದೆ. ಜೂನ್ ಹಿಡಿದರೆ ಪಶ್ಚಿಮದ ಇಳಿಜಾರಿನಲ್ಲಿರುವ ಗೂಡಲೂರಿಗೆ ಮುಂಗಾರು ನೇರವಾಗಿ ಬಡಿಯುತ್ತದೆ. ಬೆಳಿಗ್ಗೆ ಗಟ್ಟಿಯಾಗಿದ್ದ ಹುಲ್ಲುನೆಲದಲ್ಲಿ ಊಟ ಮುಗಿಸಿ ಬಂದಾಗ ಚಕ್ರ ಸುತ್ತುತ್ತ ಕಾರು ನಿಂತಲ್ಲೇ ನಿಲ್ಲುತ್ತದೆ. ಗೇಟಿನ ಬಳಿ ಒಂದು ಕಾರು ಹೂತರೆ ಹಿಂದಿನ ಮೂವತ್ತೊಂಬತ್ತೂ ಒಳಗೇ ಉಳಿಯುತ್ತವೆ. ಹಾಗಾಗಿ ಗೇಟಿನಿಂದ ಒಳಗೆ ಹದಿನೈದು ಇಪ್ಪತ್ತು ಅಡಿ ಜಲ್ಲಿ ಹಾಸಿಸುವ ಖರ್ಚನ್ನು ಹೂವಿನ ಅಲಂಕಾರದ ಖರ್ಚಿನ ಜೊತೆಗೇ ಬರೆದಿಟ್ಟುಕೊಳ್ಳಬೇಕು. ಇಳಿಜಾರಿನ ಅಂಗಳವಾದರೆ ಚಕ್ರಕ್ಕೆ ಕೊಡಲು ಕಲ್ಲುಗಳನ್ನು ಒಟ್ಟಿರಬೇಕು. ಬಯಲುಸೀಮೆಯಿಂದ ಬರುವವರಿಗೆ ಗಾಡಿಯನ್ನು ಗೇರಿನಲ್ಲಿ ನಿಲ್ಲಿಸಿ ಚಕ್ರವನ್ನು ದಿಬ್ಬದ ಕಡೆ ತಿರುಗಿಸಿಡುವ ಅಭ್ಯಾಸ ಇರುವುದಿಲ್ಲ.

ಬಸ್ಸಿನ ವಿಷಯ ಬೇರೆ. ಹನ್ನೆರಡು ಮೀಟರ್ ಉದ್ದದ ಬಸ್ಸು ಹಿಂದೆ ಮುಂದೆ ಮಾಡದೆ ತಿರುಗಲು ಸುಮಾರು ಇಪ್ಪತ್ನಾಲ್ಕು ಮೀಟರ್ ಅಗಲದ ಬಯಲು ಬೇಕು. ಮಂಟಪದ ಮುಂದಿನ ಹೆದ್ದಾರಿಯಲ್ಲಿ ಅದು ಆಗದ ಕೆಲಸ. ಪತ್ರ ಓದಿದ ಅಧಿಕಾರಿ ಕೇಳುವ ಮೊದಲ ಪ್ರಶ್ನೆ ‘ಬಸ್ಸು ಎಲ್ಲಿ ತಿರುಗುತ್ತೆ?’ ಎಂಬುದೇ ಆಗಿರುತ್ತದೆ. ಬಸ್ಸು ಜನರನ್ನು ಇಳಿಸಿ, ತಿರುಗದೆ ಅದೇ ದಿಕ್ಕಿನಲ್ಲಿ ಮುಂದೆ ಸಾಗಿ, ಒಪ್ಪಿಗೆ ಪಡೆದ ಇನ್ನೊಂದು ಜಾಗದಲ್ಲಿ ನಿಂತು, ಹೊರಡುವ ಹೊತ್ತಿಗೆ ಫೋನ್ ಮಾಡಿದರೆ ಬರುವ ಹಾಗೆ ಗೊತ್ತುಮಾಡಿ, ಆ ದಾರಿಯನ್ನು ಪತ್ರದಲ್ಲೇ ಬರೆದುಬಿಟ್ಟರೆ ಪ್ರಶ್ನೆಗೆ ಉತ್ತರ ಮೊದಲೇ ಸಿಕ್ಕಂತಾಯಿತು. ಬಸ್ಸಿನವರ ಬಳಿ ತಮಿಳುನಾಡಿಗೆ ಬರುವ ಪರ್ಮಿಟ್ ಇದೆಯೇ ಎಂದು ಮುಂಗಡ ಕೊಡುವಾಗಲೇ ಕೇಳಿಬಿಡಿ.

ಈಗ ಆ ಒಂದು ಗಂಟೆಗೆ ಬರೋಣ. ನಲವತ್ತು ಕಾರಿನಲ್ಲಿ ಇಪ್ಪತ್ತೈದು ಕರ್ನಾಟಕದ ಕಡೆಯವು. ಗೇಟಿನ ಬಳಿ ಒಟ್ಟಿಗೆ ಕಾದು ಒಟ್ಟಿಗೆ ಹೊರಟವು ದಾರಿಯುದ್ದಕ್ಕೂ ಒಂದರ ಹಿಂದೊಂದು ಬರುತ್ತವೆ, ಏಕೆಂದರೆ ಕಾಡಿನ ರಸ್ತೆಯಲ್ಲಿ ವೇಗಕ್ಕೂ ಓವರ್‌ಟೇಕಿಗೂ ಅವಕಾಶ ಕಡಿಮೆ. ಹತ್ತು ನಿಮಿಷದೊಳಗೆ ಹತ್ತು ಕಾರು ಮಂಟಪದ ಬಾಗಿಲಿಗೆ ಬಂದವು. ಅಲ್ಲಿ ಒಮ್ಮೆಗೆ ಎರಡು ಕಾರು ನಿಲ್ಲಬಹುದು. ಅಜ್ಜಿಯನ್ನು ಕೈಹಿಡಿದು ಇಳಿಸಿ, ಸೀರೆಯ ಚೀಲ, ಉಡುಗೊರೆ, ಮಗುವಿನ ಬ್ಯಾಗು ತೆಗೆದು, ಎದುರಿಗೆ ಬಂದವರಿಗೆ ನಮಸ್ಕಾರ ಹೇಳುವಷ್ಟರಲ್ಲಿ ನಾಲ್ಕು ನಿಮಿಷ. ಹಾಗಿದ್ದರೆ ಹತ್ತು ನಿಮಿಷಕ್ಕೆ ಐದು ಕಾರು ಖಾಲಿ. ಉಳಿದ ಐದು ಹೆದ್ದಾರಿಯಲ್ಲಿ ಮೂವತ್ತು ಮೀಟರ್ ಸಾಲು ಕಟ್ಟುತ್ತವೆ. ಅದೇ ಹೊತ್ತಿಗೆ ಒಂದು ಬಸ್ಸು ಬಂದರೆ ಎರಡೂ ಜಾಗವನ್ನು ಅದೇ ಹಿಡಿಯುತ್ತದೆ, ನಲವತ್ತೈದು ಜನ ಇಳಿಯಲು ಎಂಟು ಹತ್ತು ನಿಮಿಷ. ಸಾಲು ಅಲ್ಲಿಗೆ ನೂರು ಮೀಟರ್ ದಾಟುತ್ತದೆ, ಕೂಡುರಸ್ತೆಯವರೆಗೂ ಹೋಗುತ್ತದೆ.

ಇಳಿಸುವ ಹೊತ್ತನ್ನು ಒಂದು ನಿಮಿಷಕ್ಕೆ ತಂದರೆ ಇದೇ ಬಾಗಿಲು ಹತ್ತು ನಿಮಿಷಕ್ಕೆ ಇಪ್ಪತ್ತು ಕಾರನ್ನು ಕಳಿಸುತ್ತದೆ, ಸಾಲೇ ಇರುವುದಿಲ್ಲ. ಆದ್ದರಿಂದ ಬಾಗಿಲಲ್ಲಿ ವಯಸ್ಸಾದವರು ಮಾತ್ರ ಇಳಿಯಲಿ, ಸಾಮಾನೂ ಉಳಿದವರೂ ಕಾರಿನಲ್ಲೇ ಮೈದಾನಕ್ಕೆ ಹೋಗಲಿ. ಮೈದಾನದಿಂದ ಮಂಟಪಕ್ಕೆ ಎರಡು ಜೀಪು ಓಡಾಡಿಸಿ. ಗೂಡಲೂರಿನಲ್ಲಿ ಜೀಪಿಗೆ ಬರವಿಲ್ಲ. ಬಸ್ಸುಗಳನ್ನು ಕಾರಿನ ಗುಂಪಿನೊಡನೆ ಬರಲು ಬಿಡದೆ, ಶನಿವಾರ ಸಂಜೆಯೇ ಕರೆಸಿಕೊಂಡು ಉಳಿಸಿಕೊಂಡರೆ ಇನ್ನೂ ಒಳ್ಳೆಯದು. ಹೀಗೆ ಯೋಚಿಸಿ ಬರೆದರೆ ಪೊಲೀಸರಿಂದ ಕೇಳುವುದು ಬಹಳ ಕಡಿಮೆಯಾಗುತ್ತದೆ: ಏಳೂವರೆಯಿಂದ ಒಂಬತ್ತೂವರೆಯವರೆಗೆ, ಊಟ ಮುಗಿಸಿ ಹೊರಡುವಾಗ ಮತ್ತೆರಡು ಗಂಟೆ, ಒಬ್ಬ ಪೇದೆ. ಅಷ್ಟನ್ನು ಕೊಡಲು ಯಾವ ಠಾಣೆಗೂ ಕಷ್ಟವಾಗಲಾರದು.

ಶನಿವಾರದ ಆರತಕ್ಷತೆಗೆ ಇದೇ ಗೇಟು ಇನ್ನೊಂದು ರೀತಿಯ ತೊಡಕು ತರುತ್ತದೆ. ಏಳು ಗಂಟೆಗೆ ಶುರುವಾದ ಆರತಕ್ಷತೆ ಮುಗಿಸಿ ಊಟ ಮಾಡಿ ಎದ್ದರೆ ಎಂಟೂವರೆ. ಒಂಬತ್ತರೊಳಗೆ ಕಾಡು ದಾಟಲು ಆಗುವುದಿಲ್ಲ. ಅಂದರೆ ಆರತಕ್ಷತೆಗೆ ಬಂದ ಕರ್ನಾಟಕದ ನೋಂದಣಿಯ ಎಲ್ಲ ಕಾರುಗಳೂ ಬೆಳಗಿನ ತನಕ ಊರಿನಲ್ಲೇ ನಿಲ್ಲಬೇಕು. ‘ಸಂಜೆ 6ರಿಂದ 10’ ಎಂದು ಪತ್ರದಲ್ಲಿ ಬರೆದು ಅನುಮತಿ ಪಡೆದವರ ನೆಂಟರ ಕಾರುಗಳು ರಾತ್ರಿ ಹನ್ನೊಂದಕ್ಕೂ ಅಲ್ಲೇ ಇದ್ದರೆ ಗಸ್ತು ಪೊಲೀಸರು ಕೇಳದೆ ಇರುತ್ತಾರೆಯೇ? ನಿಲ್ಲಿಸಬಾರದ ಕಡೆ ಬಿಟ್ಟುಹೋದ ವಾಹನವನ್ನು ಎಳೆದೊಯ್ದು ಅದರ ಖರ್ಚನ್ನು ಮಾಲೀಕರಿಂದಲೇ ವಸೂಲು ಮಾಡಲು ಕಾಯ್ದೆಯ 127ನೇ ಕಲಂನಲ್ಲಿ ಅವಕಾಶವಿದೆ. ಹಾಗಾಗಿ ರಾತ್ರಿ ಉಳಿಯುವ ಗಾಡಿಗಳ ಸಂಖ್ಯೆಯನ್ನು ಬೇರೆಯಾಗಿ ಬರೆದು, ‘ಶನಿವಾರ ಸಂಜೆ 5ರಿಂದ ಭಾನುವಾರ ಸಂಜೆ 5ರವರೆಗೆ’ ಎಂದು ಪೂರ್ತಿ ಅವಧಿ ಕೇಳಬೇಕು. ಆ ಗಾಡಿಗಳ ಕಾವಲಿಗೆ ಒಬ್ಬರನ್ನು ನೇಮಿಸಬೇಕು. ಅದೇ ದಿನ ಹಿಂತಿರುಗಲೇಬೇಕಾದವರಿಗೆ ಆರತಕ್ಷತೆಯನ್ನು ಮಧ್ಯಾಹ್ನ ಮೂರಕ್ಕೆ ತರುವುದು ಉತ್ತಮ. ಆರೂವರೆಯೊಳಗೆ ಗೂಡಲೂರು ಬಿಟ್ಟರೆ ಗಾಬರಿಯಿಲ್ಲದೆ ದಾಟಬಹುದು. ಒಂಬತ್ತಕ್ಕೆ ಗೇಟು ಮುಚ್ಚುತ್ತದೆಂದು ಆನೆ ಓಡಾಡುವ ರಸ್ತೆಯಲ್ಲಿ ಜೋರಾಗಿ ಓಡಿಸುವ ಸ್ಥಿತಿಗೆ ನಮ್ಮ ನೆಂಟರನ್ನು ನಾವು ತಳ್ಳಬಾರದು.

ಪತ್ರದ ಒಕ್ಕಣೆ ಹೀಗಿರಲಿ. ಠಾಣೆಯ ಕೆಲಸ ತಮಿಳಿನಲ್ಲಿ ನಡೆಯುವುದರಿಂದ ಬಲ್ಲವರಿಂದ ತಮಿಳಿನಲ್ಲಿ ಬರೆಸಿ ಕೊಡುವುದು ಒಳ್ಳೆಯದು. ವಿಷಯ ಮಾತ್ರ ಇದೇ.

ಇಂದ: ಹೆಸರು, ಮನೆಯ ವಿಳಾಸ, ಫೋನ್ ಸಂಖ್ಯೆ.
ಇವರಿಗೆ: ಪೊಲೀಸ್ ಇನ್‌ಸ್ಪೆಕ್ಟರ್, ಸಂಚಾರ ವಿಭಾಗ, ಗೂಡಲೂರು.
ಪ್ರತಿ: ಡಿಎಸ್‌ಪಿ, ಗೂಡಲೂರು, ಕಮಿಷನರ್, ಗೂಡಲೂರು ನಗರಸಭೆ.
ವಿಷಯ: ಮಗಳ ಮದುವೆಗೆ ಬರುವ ವಾಹನಗಳ ತಾತ್ಕಾಲಿಕ ನಿಲುಗಡೆ ಮತ್ತು ಸಂಚಾರ ನೆರವು ಕೋರಿ.

ಮಾನ್ಯರೇ,

ನನ್ನ ಮಗಳ ಮದುವೆ ಇಂಥ ತಾರೀಕಿನ ಭಾನುವಾರ ಬೆಳಿಗ್ಗೆ 9.15ಕ್ಕೆ ಮೈಸೂರು ರಸ್ತೆಯ ಇಂಥ ಮಂಟಪದಲ್ಲಿ ನಡೆಯಲಿದೆ. ಹಿಂದಿನ ದಿನ ಸಂಜೆ ಅಲ್ಲೇ ಆರತಕ್ಷತೆ ಇದೆ. 40 ಕಾರು, 30 ದ್ವಿಚಕ್ರ ವಾಹನ ಮತ್ತು 2 ಬಸ್ಸು ಬರುವ ಅಂದಾಜಿದೆ. ಇದರಲ್ಲಿ 15 ಕಾರು ಮತ್ತು ಎರಡೂ ಬಸ್ಸು ಶನಿವಾರ ಸಂಜೆ 5ರಿಂದ ಭಾನುವಾರ ಸಂಜೆ 5ರವರೆಗೆ ಇಲ್ಲೇ ಉಳಿಯುತ್ತವೆ. ಬಂಡೀಪುರದ ಗೇಟು ಆರಕ್ಕೆ ತೆರೆಯುವುದರಿಂದ ಭಾನುವಾರ ಬೆಳಿಗ್ಗೆ 7.30ರಿಂದ 8.30ರವರೆಗೆ ಹೆಚ್ಚು ವಾಹನಗಳು ಒಟ್ಟಿಗೆ ಬರುತ್ತವೆ.

ಕಾರು ಮತ್ತು ದ್ವಿಚಕ್ರ ವಾಹನಗಳನ್ನು ಮಂಟಪದಿಂದ 300 ಮೀಟರ್ ದೂರದ ಶಾಲಾ ಮೈದಾನದಲ್ಲಿ, ಬಸ್ಸುಗಳನ್ನು ನಕ್ಷೆಯಲ್ಲಿ ತೋರಿಸಿದ ಇನ್ನೊಂದು ಜಾಗದಲ್ಲಿ ನಿಲ್ಲಿಸಲು ಮಾಲೀಕರು ಒಪ್ಪಿದ್ದಾರೆ. ಒಪ್ಪಿಗೆ ಪತ್ರಗಳನ್ನು ಲಗತ್ತಿಸಿದ್ದೇನೆ. ಹೆದ್ದಾರಿಯ ಮೇಲೆ ಯಾವ ವಾಹನವನ್ನೂ ನಿಲ್ಲಿಸುವುದಿಲ್ಲ, ಚಪ್ಪರ ಅಥವಾ ಕಮಾನು ರಸ್ತೆಗೆ ಬರುವುದಿಲ್ಲ.

ಮಂಟಪದ ಬಾಗಿಲಲ್ಲಿ ಹಿರಿಯರನ್ನು ಇಳಿಸುವಷ್ಟು ಹೊತ್ತು ವಾಹನ ನಿಲ್ಲಲು ಅವಕಾಶ ಕೊಡಬೇಕೆಂದೂ, ಭಾನುವಾರ 7.30ರಿಂದ 9.30ರವರೆಗೆ ಮತ್ತು 12.30ರಿಂದ 2.30ರವರೆಗೆ ಒಬ್ಬ ಸಿಬ್ಬಂದಿಯನ್ನು ನಿಯೋಜಿಸಬೇಕೆಂದೂ ಕೋರುತ್ತೇನೆ. ವಾಹನಗಳ ಜವಾಬ್ದಾರಿ ಹೊತ್ತ ಇಬ್ಬರ ಹೆಸರು, ಫೋನ್ ಸಂಖ್ಯೆ ಕೆಳಗಿದೆ. ತಾವು ಸ್ಥಳ ನೋಡಿ ಹೇಳುವ ಬದಲಾವಣೆಗಳನ್ನು ಪಾಲಿಸುತ್ತೇವೆ.

ತಮ್ಮ ವಿಶ್ವಾಸಿ,
(ಸಹಿ, ತಾರೀಕು)

ಪತ್ರದ ಜೊತೆಗೆ ಲಗ್ನಪತ್ರಿಕೆ, ಮಂಟಪದ ರಸೀದಿಯ ಪ್ರತಿ, ಮೈದಾನದವರ ಒಪ್ಪಿಗೆ ಪತ್ರಗಳು ಮತ್ತು ಕೈಯಲ್ಲಿ ಬರೆದ ಒಂದು ನಕ್ಷೆ ಇರಲಿ. ನಕ್ಷೆಯಲ್ಲಿ ಮಂಟಪ, ಮೈದಾನದ ಗೇಟು, ಹತ್ತಿರದ ಕೂಡುರಸ್ತೆ, ಬಸ್ ನಿಲ್ದಾಣ, ಬಸ್ಸು ಹೋಗುವ ದಿಕ್ಕಿನ ಬಾಣ, ದೂರ ಇಷ್ಟಿದ್ದರೆ ಸಾಕು. ಬಣ್ಣ ಬೇಕಿಲ್ಲ. ಅಧಿಕಾರಿ ಅದನ್ನು ಪೇದೆಯ ಕೈಗೆ ಕೊಟ್ಟು ಕಳಿಸುವಂತಿರಬೇಕು.

ಜವಾಬ್ದಾರಿಯ ಇಬ್ಬರು ಯಾರು ಎಂಬುದರಲ್ಲಿ ಅನೇಕ ಮನೆಗಳಲ್ಲಿ ತಪ್ಪಾಗುತ್ತದೆ. ಹೆಣ್ಣಿನ ತಂದೆಯ ಸಂಖ್ಯೆ ಕೊಡುತ್ತಾರೆ. ಧಾರೆ ಎರೆಯುವ ಹೊತ್ತಿಗೆ ಅವರ ಫೋನು ಯಾರ ಕೈಯಲ್ಲಿರುತ್ತದೋ. ಸೋದರಮಾವನಿಗೂ ಮಂಟಪದಲ್ಲೇ ಕೆಲಸ. ಶಾಸ್ತ್ರದಲ್ಲಿ ಕೂರಬೇಕಿಲ್ಲದ, ಊರಿನ ರಸ್ತೆ ಗೊತ್ತಿರುವ, ತಮಿಳು ಚೆನ್ನಾಗಿ ಬಲ್ಲ ಇಬ್ಬರು ಬೇಕು. ಒಬ್ಬರು ಮೈದಾನದಲ್ಲಿ, ಒಬ್ಬರು ಬಾಗಿಲಲ್ಲಿ. ಅವರೊಂದಿಗೆ ನಿಲ್ಲುವ ಹುಡುಗರು ನೆಂಟರಿಗೆ ದಾರಿ ತೋರಿಸಬಹುದೇ ಹೊರತು ಹೆದ್ದಾರಿಗೆ ಇಳಿದು ಕೈ ಅಡ್ಡ ಮಾಡಿ ಬೇರೆಯವರ ಗಾಡಿ ತಡೆಯುವಂತಿಲ್ಲ. ಅದು ಸಮವಸ್ತ್ರದವರ ಕೆಲಸ.

ಪತ್ರವನ್ನು ಹದಿನೈದು ದಿನ ಮುಂಚೆ ಕೊಟ್ಟು, ನಮ್ಮ ಪ್ರತಿಯ ಮೇಲೆ ತಾರೀಕಿನೊಂದಿಗೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಬೇಕು. ಮೂರು ದಿನ ಮುಂಚೆ ಇನ್ನೊಮ್ಮೆ ಹೋಗಿ ನೆನಪಿಸಬೇಕು, ಏಕೆಂದರೆ ಅಷ್ಟರಲ್ಲಿ ಮಂತ್ರಿಗಳ ಪ್ರವಾಸವೋ ಜಾತ್ರೆಯೋ ಗೊತ್ತಾಗಿ ಸಿಬ್ಬಂದಿ ಬೇರೆಡೆ ಹಂಚಿಹೋಗಿರಬಹುದು. ಅದೇ ಮುಹೂರ್ತಕ್ಕೆ ಅದೇ ರಸ್ತೆಯಲ್ಲಿ ಇನ್ನೊಂದು ಮದುವೆ ಇದೆಯೇ ಎಂದು ಮಂಟಪದ ಮ್ಯಾನೇಜರನ್ನು ಕೇಳಿ. ಇದ್ದರೆ ಎರಡು ಮನೆಯವರೂ ಒಟ್ಟಿಗೆ ಠಾಣೆಗೆ ಹೋಗುವುದು ಲೇಸು. ಬೇರೆ ಬೇರೆಯಾಗಿ ಹೋದರೆ ಒಂದೇ ಮೈದಾನವನ್ನು ಇಬ್ಬರೂ ನಂಬಿಕೊಂಡಿರುವುದು ಮದುವೆಯ ದಿನವೇ ತಿಳಿಯುತ್ತದೆ. ಇನ್ನೊಂದು ಮಾತು. ಮುದ್ರೆ ಬಿದ್ದ ಪತ್ರ ದಂಡದಿಂದ ರಕ್ಷಣೆ ಅಲ್ಲ. ಅದನ್ನು ಕಾರಿನ ಗಾಜಿಗೆ ಅಂಟಿಸಿಕೊಂಡು ತಿರುವಿನಲ್ಲಿ ನಿಲ್ಲಿಸಿದರೆ ದಂಡ ಬಿದ್ದೇ ಬೀಳುತ್ತದೆ, ಬೀಳಲೂ ಬೇಕು.

ಮಸಿನಗುಡಿಯಲ್ಲಿ ಮದುವೆಯಾದರೆ ಇದೇ ಲೆಕ್ಕ, ಆದರೆ ಕೈಯಾಡಿಸಲು ಜಾಗ ಇನ್ನೂ ಕಡಿಮೆ. ತೆಪ್ಪಕಾಡಿನಿಂದ ಮಸಿನಗುಡಿಗೆ ಬರುವ ರಸ್ತೆ ಮುದುಮಲೆ ಹುಲಿ ರಕ್ಷಿತಾರಣ್ಯದ ಒಳಗಿದೆ. ಅಲ್ಲಿ ಗಾಡಿ ನಿಲ್ಲಿಸಿ ಇಳಿಯುವಂತೆಯೇ ಇಲ್ಲ, ಅರಣ್ಯ ಇಲಾಖೆ ದಂಡ ಹಾಕುತ್ತದೆ. ‘ಊರಾಚೆ ರಸ್ತೆ ಬದಿಗೆ ಹಾಕಿ ಬನ್ನಿ’ ಎಂದು ನೆಂಟರಿಗೆ ಹೇಳುವ ಹಾಗಿಲ್ಲ. ಊರೊಳಗಿನ ಅಂಗಳಗಳಲ್ಲೇ ಹಂಚಿ ನಿಲ್ಲಿಸಬೇಕು. ಪತ್ರ ಮಸಿನಗುಡಿ ಪೊಲೀಸ್ ಠಾಣೆಗೆ ಹೋಗಬೇಕು, ಒಂದು ಪ್ರತಿ ಅರಣ್ಯ ವಲಯಾಧಿಕಾರಿಗೂ ಇರಲಿ. ರಾತ್ರಿ ಗಾಡಿಯ ಬಳಿಗೆ ನಡೆದುಹೋಗುವವರು ಆನೆಯ ದಾರಿಯಲ್ಲಿ ನಡೆಯುತ್ತಿರುತ್ತಾರೆ ಎಂಬುದನ್ನು ಹೇಳಿಯೇ ಕಳಿಸಬೇಕು. ಒಬ್ಬಂಟಿಯಾಗಿ ಯಾರನ್ನೂ ಬಿಡಬೇಡಿ.

ಊಟಿಯಲ್ಲಿ ಮದುವೆ, ಮರುದಿನ ಮಸಿನಗುಡಿಯಲ್ಲಿ ಬೀಗರ ಊಟ ಎಂದು ಗೊತ್ತುಮಾಡುವವರು ಕಲ್ಲಟ್ಟಿ ಘಾಟಿಯನ್ನು ಲೆಕ್ಕಕ್ಕೆ ಹಿಡಿಯಬೇಕು. ಮೂವತ್ತಾರು ಹೇರ್‌ಪಿನ್ ತಿರುವುಗಳ ಆ ರಸ್ತೆಯಲ್ಲಿ ಹೊರಜಿಲ್ಲೆಯ ಗಾಡಿಗಳು ಊಟಿಯಿಂದ ಇಳಿಯುವುದನ್ನು ಅಪಘಾತಗಳ ಕಾರಣಕ್ಕೆ ತಡೆದಿದ್ದಾರೆ. ಸ್ಥಳೀಯರ ಟಿಎನ್ 43 ಗಾಡಿ ಮೂವತ್ತು ಕಿಲೋಮೀಟರಿನಲ್ಲಿ ಮಸಿನಗುಡಿ ಮುಟ್ಟಿದರೆ, ಮೈಸೂರಿನ ನೆಂಟರು ನಡುವಟ್ಟಂ, ಗೂಡಲೂರು, ತೆಪ್ಪಕಾಡು ಸುತ್ತಿ ಸುಮಾರು ಎಪ್ಪತ್ತೈದು ಕಿಲೋಮೀಟರ್ ಬರಬೇಕು. ಊಟಕ್ಕೆ ಹೇಳಿದ ಹೊತ್ತೂ, ಗಾಡಿಗಳು ಬರುವ ದಿಕ್ಕೂ ಅದಕ್ಕೆ ತಕ್ಕಂತೆ ಬದಲಾಗಬೇಕು.

ಊಟಿಯಲ್ಲೇ ಏಪ್ರಿಲ್, ಮೇ ತಿಂಗಳ ಮದುವೆಯಾದರೆ ಮುಹೂರ್ತದ ಕಾಲ, ಪ್ರವಾಸಿಗರ ಕಾಲ ಎರಡೂ ಒಂದೇ. ಮದ್ರಾಸ್ ಹೈಕೋರ್ಟ್ ಆದೇಶದಂತೆ 2024ರ ಮೇ 7ರಿಂದ ನೀಲಗಿರಿಗೆ ಬರುವ ಹೊರಗಿನ ವಾಹನಗಳಿಗೆ ಇ-ಪಾಸ್ ಬೇಕು. 2025ರ ಏಪ್ರಿಲ್‌ನಿಂದ ಜೂನ್‌ವರೆಗೆ ವಾರದ ದಿನಗಳಲ್ಲಿ 6000, ವಾರಾಂತ್ಯದಲ್ಲಿ 8000 ವಾಹನಗಳೆಂಬ ಮಿತಿಯನ್ನೂ ನ್ಯಾಯಾಲಯ ಹಾಕಿತ್ತು. ಜಿಲ್ಲೆಯ ನೋಂದಣಿಯ ಗಾಡಿಗಳಿಗೆ ಇದು ಬೇಕಿಲ್ಲ. ನೆಂಟರು `epass.tnega.org` ತಾಣದಲ್ಲಿ ತಮ್ಮ ಗಾಡಿಯ ಸಂಖ್ಯೆ, ಬರುವ ಹೋಗುವ ದಿನ ತುಂಬಿ ಪಾಸ್ ಪಡೆಯಬೇಕು. ಪಾರ್ಕಿಂಗ್ ಪತ್ರಕ್ಕೆ ಒಪ್ಪಿಗೆ ಸಿಕ್ಕಿದೆ ಎಂದರೆ ಗೇಟಿನಲ್ಲಿ ಯಾರೂ ಬಿಡುವುದಿಲ್ಲ. ಸೀಸನ್ನಿನಲ್ಲಿ ಮೇಟುಪಾಳ್ಯದಿಂದ ಕೂನೂರಿನ ಮೂಲಕ ಹತ್ತಿಸಿ ಕೋಟಗಿರಿಯ ಮೂಲಕ ಇಳಿಸುವ ಏಕಮುಖ ಸಂಚಾರವೂ ಇರುತ್ತದೆ. ಕೊಯಮತ್ತೂರಿನ ನೆಂಟರು ಬಂದ ದಾರಿಯಲ್ಲಿ ಹಿಂತಿರುಗುವುದಿಲ್ಲ. ಅವರ ಗಾಡಿಗಳನ್ನು ಕೋಟಗಿರಿ ಕಡೆ ಹೊರಡಲು ಅನುಕೂಲವಾದ ಬದಿಯಲ್ಲಿ ನಿಲ್ಲಿಸಿದರೆ ಪೇಟೆಯೊಳಗೆ ಒಂದು ಸುತ್ತು ತಪ್ಪುತ್ತದೆ. ಫಲಪುಷ್ಪ ಪ್ರದರ್ಶನದ ದಿನಗಳಲ್ಲಿ ಮಾತ್ರ ಊಟಿಯ ಒಳಗೆ ಮದುವೆ ಬೇಡ ಎಂಬುದೇ ನನ್ನ ಖಚಿತ ಅಭಿಪ್ರಾಯ. ಆ ವಾರ ಯಾವ ಪತ್ರಕ್ಕೂ ಪೇದೆಯನ್ನು ಕೊಡುವ ಸ್ಥಿತಿಯಲ್ಲಿ ಪೊಲೀಸರು ಇರುವುದಿಲ್ಲ.

ಹಾಗಾಗಿ ನೀಲಗಿರಿಯಲ್ಲಿ ಮದುವೆ ಇಟ್ಟುಕೊಂಡ ಮನೆಯವರಲ್ಲಿ ಒಂದು ವಿನಂತಿ. ಮೈದಾನದ ಒಪ್ಪಿಗೆ ಪಡೆದು, ಪತ್ರ ಕೊಟ್ಟು, ಇನ್‌ಸ್ಪೆಕ್ಟರ್ ಸ್ಥಳ ನೋಡಿ ಸರಿ ಎಂದ ಮೇಲೆ ನೆಂಟರಿಗೆಲ್ಲ ಒಂದು ಚೀಟಿ ಕಳಿಸಿ. ವಾಹನ ನಿಲ್ಲಿಸುವ ಜಾಗದ ಹೆಸರು, ಬಾಗಿಲಲ್ಲಿ ಹಿರಿಯರು ಮಾತ್ರ ಇಳಿಯಬೇಕೆಂಬ ಸೂಚನೆ, ಇ-ಪಾಸಿನ ವಿಷಯ, ಗೇಟು ಮುಚ್ಚುವ ಹೊತ್ತು, ಇಬ್ಬರ ಫೋನ್ ಸಂಖ್ಯೆ ಈ ಐದನ್ನು ಅದರಲ್ಲಿ ಮುದ್ರಿಸಿ.